ದೊಡ್ಡ ಆರ್ಡರ್ ಕೊಡುವ ಮುಂಚೆ: ಮಸಾಲೆ ಪುಡಿ ಮಾಡಿಕೊಡುವ ಘಟಕವನ್ನು ಪರೀಕ್ಷಿಸುವ ಬಗೆ

ಡೊಂಬಿವಲಿ, ಚೆಂಬೂರು, ನವಿ ಮುಂಬಯಿ ಕಡೆ ಸ್ವಂತ ಹೆಸರಿನಲ್ಲಿ ಸಾರಿನ ಪುಡಿ, ಬಿಸಿಬೇಳೆಬಾತ್ ಪುಡಿ ಮಾರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲು ಮನೆಯಲ್ಲೇ ಹುರಿದು ಪುಡಿ ಮಾಡುತ್ತೀರಿ. ಬೇಡಿಕೆ ಮನೆಯ ಒಲೆಗೆ ಮೀರಿದಾಗ ತುರ್ಭೆಯಲ್ಲೋ ಪವಣೆಯಲ್ಲೋ ಒಂದು ಘಟಕ ಹಿಡಿಯುತ್ತೀರಿ. ನಿಮ್ಮ ಅಳತೆ, ಅವರ ಯಂತ್ರ, ನಿಮ್ಮ ಲೇಬಲ್. ಎರಡು ಮೂರು ಸಣ್ಣ ಬ್ಯಾಚ್ ಚೆನ್ನಾಗಿ ಹೋಗುತ್ತವೆ. ಆಮೇಲೆ ಗಣೇಶನ ಹಬ್ಬ, ದಸರಾ, ದೀಪಾವಳಿ ನೋಡಿಕೊಂಡು ದೊಡ್ಡ ಆರ್ಡರ್ ಕೊಡೋಣ ಅನ್ನಿಸುತ್ತದೆ.

ಇಲ್ಲಿ ಎಲ್ಲರೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಹಿಂದಿನ ಮಾಲು ಚೆನ್ನಾಗಿತ್ತಾ? ಈ ಪ್ರಶ್ನೆ ಸಾಲದು. 300 ಕಿಲೋ ಮಾಡಿದ ಯಂತ್ರ, ಮೆಣಸಿನಕಾಯಿ, ಕೆಲಸಗಾರರು 2,000 ಕಿಲೋ ಮಾಡುವಾಗಲೂ ಅವೇ ಇರುತ್ತವೆಯೇ? ಕೇಳಬೇಕಾದದ್ದು ಇದನ್ನು. ಆರ್ಡರ್ ದೊಡ್ಡದಾದ ಕೂಡಲೇ ಘಟಕ ಬೇರೆ ಮಿಲ್ಲಿಗೆ ಹೋಗಬಹುದು, ರಾತ್ರಿ ಪಾಳಿ ಹಾಕಬಹುದು, ಅರ್ಧ ಕೆಲಸವನ್ನು ಹೊರಗೆ ಕೊಡಬಹುದು. ನಿಮಗೆ ತಿಳಿಯುವುದು ಗಿರಾಕಿ ಫೋನ್ ಮಾಡಿದ ಮೇಲೆಯೇ.

ಮಾತು ಹಗುರವಾಗಲಿ ಎಂದು ಒಂದು ಉದಾಹರಣೆಯನ್ನೇ ಕೊನೆಯವರೆಗೂ ಹಿಡಿದು ಹೋಗೋಣ. ಬಿಸಿಬೇಳೆಬಾತ್ ಪುಡಿ, 200 ಗ್ರಾಂ ಪ್ಯಾಕೆಟ್. ನವೆಂಬರ್, ಫೆಬ್ರವರಿ, ಮೇ ತಿಂಗಳಲ್ಲಿ ತಲಾ 300 ಕಿಲೋದ ಮೂರು ಬ್ಯಾಚ್ ಆಗಿವೆ. ಈಗ 2,000 ಕಿಲೋ, ಅಂದರೆ 10,000 ಪ್ಯಾಕೆಟ್ ಕೊಡುವ ಯೋಚನೆ. ಪುಡಿಯಲ್ಲಿ ಹುರಿದ ಬ್ಯಾಡಗಿ ಮೆಣಸಿನಕಾಯಿ ನೂರಕ್ಕೆ 25 ಪಾಲು, ಉಪ್ಪು 4 ಪಾಲು. ಉಳಿದದ್ದು ಕೊತ್ತಂಬರಿ ಬೀಜ, ಬೇಳೆಗಳು, ಕೊಬ್ಬರಿ, ಚಕ್ಕೆ, ಮರಾಠಿ ಮೊಗ್ಗು ಇತ್ಯಾದಿ. ಮುಂದೆ ಬರುವ ಅಂಕಿಗಳು ಈ ಉದಾಹರಣೆಯವು. ನಿಮ್ಮ ಪುಡಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಮೊದಲು ನಿಮ್ಮ ಕಪಾಟಿನಿಂದ ಶುರು ಮಾಡಿ

ಘಟಕಕ್ಕೆ ಹೋಗುವ ಮುಂಚೆ ಮೂರೂ ಬ್ಯಾಚಿನ ಒಡೆಯದ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿ. ಒಂದೊಂದು ಬ್ಯಾಚಿನಿಂದ ಇಪ್ಪತ್ತಾದರೂ ಬೇಕು. ಎಲ್ಲವೂ ಒಂದೇ ಪೆಟ್ಟಿಗೆಯಿಂದ ಬಂದಿರಬಾರದು. ಅಂಗಡಿಯಲ್ಲಿ ಉಳಿದಿದ್ದರೆ ಅಲ್ಲಿಂದಲೂ ಕೆಲವನ್ನು ವಾಪಸ್ ತೆಗೆದುಕೊಳ್ಳಿ. ಘಟಕದವರು ಕೊಡುವ ಸ್ಯಾಂಪಲ್ ಇದಕ್ಕೆ ಆಗಿಬರುವುದಿಲ್ಲ. ಅದು ಅವರು ಆರಿಸಿ ಕೊಟ್ಟದ್ದು. ನಿಮಗೆ ಬೇಕಾದದ್ದು ಗಿರಾಕಿಯ ಕೈಗೆ ಹೋದದ್ದು.

ಮೊದಲು ತೂಕ. ಖಾಲಿ ಪೌಚಿನ ತೂಕ ಕಳೆದು ಪ್ರತಿ ಪ್ಯಾಕೆಟ್ಟಿನ ನಿವ್ವಳ ತೂಕ ಬರೆದುಕೊಳ್ಳಿ. ಪ್ಯಾಕ್ ಮಾಡಿದ ಸರಕಿನ ತೂಕದ ನಿಯಮದಲ್ಲಿ 200 ಗ್ರಾಂ ಪ್ಯಾಕೆಟ್ಟಿಗೆ ಕಡಿಮೆ ಬೀಳಲು ಇರುವ ಮಿತಿ 9 ಗ್ರಾಂ. ಆದರೆ ಇಷ್ಟೇ ನೋಡಬೇಡಿ. ಸರಾಸರಿಯೂ 200 ಗ್ರಾಮಿಗಿಂತ ಕೆಳಗೆ ಇಳಿಯಬಾರದು. ಅಂಕಿಗಳು 194ರಿಂದ 209ರ ತನಕ ಹರಡಿಕೊಂಡಿದ್ದರೆ, ಯಾವ ಪ್ಯಾಕೆಟ್ಟೂ ಮಿತಿ ದಾಟದಿದ್ದರೂ, ತುಂಬುವ ಯಂತ್ರದಲ್ಲಿ ಏನೋ ಸರಿಯಿಲ್ಲ ಎಂದರ್ಥ. ಸಾಮಾನ್ಯವಾಗಿ ಪುಡಿಯ ಕಣದ ಗಾತ್ರ ಏರುಪೇರಾದಾಗ ಹೀಗಾಗುತ್ತದೆ. ಯಂತ್ರ ಅಳೆಯುವುದು ಪುಡಿ ಹಿಡಿಸುವ ಜಾಗವನ್ನು. ನುಣ್ಣಗಿನ ಪುಡಿ ಅದೇ ಜಾಗದಲ್ಲಿ ಬೇರೆ ತೂಕ ತೂಗುತ್ತದೆ, ತರಿ ಪುಡಿ ಬೇರೆ.

ಆಮೇಲೆ ರುಚಿ. ಮನೆಯವರೆಲ್ಲ ಕೂತು "ಚೆನ್ನಾಗಿದೆ, ಪರವಾಗಿಲ್ಲ" ಅಂದರೆ ಏನೂ ತಿಳಿಯುವುದಿಲ್ಲ. ಮೂರು ಬಟ್ಟಲಿನ ಪರೀಕ್ಷೆ ಮಾಡಿ. ಒಂದೇ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಿ ಎರಡು ಭಾಗ ಮಾಡಿ. ಒಂದಕ್ಕೆ ಫೆಬ್ರವರಿ ಪುಡಿ, ಇನ್ನೊಂದಕ್ಕೆ ಮೇ ಪುಡಿ, ಎರಡಕ್ಕೂ ಒಂದೇ ಅಳತೆ. ಪ್ರತಿಯೊಬ್ಬರ ಮುಂದೆ ಮೂರು ಬಟ್ಟಲು ಇಡಿ. ಎರಡು ಒಂದೇ ಬ್ಯಾಚಿನವು, ಒಂದು ಬೇರೆ. ಯಾವುದು ಬೇರೆ ಎಂದು ಹೇಳಲಿ, ಅಷ್ಟೇ. ಬಣ್ಣ ಕಾಣದ ಹಾಗೆ ಮಂದ ಬೆಳಕಿನಲ್ಲಿ ಮಾಡಿ, ಬಟ್ಟಲಿನ ಜಾಗ ಪ್ರತಿ ಸಲ ಬದಲಿಸಿ. ಹನ್ನೆರಡು ಜನರಲ್ಲಿ ಎಂಟು ಅಥವಾ ಹೆಚ್ಚು ಜನ ಸರಿಯಾಗಿ ಹೇಳಿದರೆ ಆ ವ್ಯತ್ಯಾಸ ನಿಜವಾದದ್ದು ಎಂದು ಹಿಡಿಯಬಹುದು. ಸುಮ್ನೆ ಊಹಿಸಿದರೂ ನಾಲ್ಕು ಜನ ಸರಿ ಹೇಳಿಬಿಡುತ್ತಾರೆ, ಹಾಗಾಗಿ ಐದಾರು ಜನ ಹೇಳಿದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಎಂಟಕ್ಕಿಂತ ಕಡಿಮೆ ಬಂತೆಂದರೆ ಎರಡೂ ಬ್ಯಾಚ್ ಒಂದೇ ಎಂದು ಸಾಬೀತಾಯಿತು ಎಂದೂ ಅಲ್ಲ. ಹನ್ನೆರಡು ನಾಲಿಗೆಗೆ ಅದು ಸಿಗಲಿಲ್ಲ, ಅಷ್ಟೇ.

ಮೂರನೆಯದು ಲ್ಯಾಬ್. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ನೀವೇ ಕಳಿಸಿ. ಬ್ಯಾಚ್ ನಂಬರ್ ಬರೆಯಬೇಡಿ, ಕ, ಖ, ಗ ಎಂದು ಗುರುತು ಹಾಕಿ ಸಾಕು. ಎಲ್ಲ ಪರೀಕ್ಷೆಯೂ ಬೇಕಾಗಿಲ್ಲ. ತೇವಾಂಶ, ಉಪ್ಪು, ಆಮ್ಲದಲ್ಲಿ ಕರಗದ ಬೂದಿ, ಕೆಂಪು ಎಷ್ಟಿದೆ ಎಂದು ಹೇಳುವ ಬಣ್ಣದ ಆಸ್ಟಾ ಅಂಕಿ, ಸಾಲ್ಮೊನೆಲ್ಲಾ ರೋಗಾಣು. ಈ ಐದು ನಿಮಗೆ ಬಹಳಷ್ಟು ಹೇಳುತ್ತವೆ. ಕರಗದ ಬೂದಿ ಅಂದರೆ ಮುಖ್ಯವಾಗಿ ಮಣ್ಣು, ಮರಳು. ಕೊತ್ತಂಬರಿ ಬೀಜವನ್ನು ಸರಿಯಾಗಿ ಕೇರದೆ ಹಾಕಿದರೆ ಇದು ಏರುತ್ತದೆ.

ನಮ್ಮ ಉದಾಹರಣೆಯಲ್ಲಿ ವರದಿ ಹೀಗೆ ಬಂತು ಎಂದುಕೊಳ್ಳಿ. ತೇವಾಂಶ ನವೆಂಬರಿನಲ್ಲಿ 6.4, ಫೆಬ್ರವರಿಯಲ್ಲಿ 6.6, ಮೇಯಲ್ಲಿ 8.9. ಬಣ್ಣದ ಅಂಕಿ 34, 37, 26. ಮಿಶ್ರ ಮಸಾಲೆ ಪುಡಿಗೆ ಎಫ್‌ಎಸ್‌ಎಸ್‌ಎಐ ಇಟ್ಟಿರುವ ತೇವಾಂಶದ ಮಿತಿ ನೂರಕ್ಕೆ 10. ಅಂದರೆ ಮೂರೂ ಬ್ಯಾಚ್ ಪಾಸ್. ಘಟಕದ ಸೇಠ್ ಈ ಕಾಗದ ತೋರಿಸಿ "ನೋಡಿ, ಎಲ್ಲ ಪಾಸ್" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಪಾಸ್ ಆಗುವುದು ಬೇರೆ, ಒಂದೇ ಥರ ಇರುವುದು ಬೇರೆ. ಮೇ ಬ್ಯಾಚು ಉಳಿದೆರಡರ ಥರ ಇಲ್ಲ.

ಇಲ್ಲಿ ಅವಸರದಲ್ಲಿ ಯಾರ ಮೇಲೂ ತಪ್ಪು ಹೊರಿಸಬೇಡಿ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಇಟ್ಟಂತೆ ಇಳಿಯುತ್ತದೆ. ಹೊಸ ಫಸಲು ವರ್ಷದ ಮೊದಲ ತಿಂಗಳುಗಳಲ್ಲಿ ಮಾರುಕಟ್ಟೆಗೆ ಬರುತ್ತದೆ, ಆಮೇಲೆ ಸಿಗುವುದು ಕೋಲ್ಡ್ ಸ್ಟೋರೇಜಿನದು. ಹಾಗಾಗಿ ನವೆಂಬರಿನಲ್ಲಿ ಬಣ್ಣ ಸ್ವಲ್ಪ ಕಡಿಮೆ, ಫೆಬ್ರವರಿಯಲ್ಲಿ ಸ್ವಲ್ಪ ಜಾಸ್ತಿ ಇರುವುದು ಸಹಜ. ನಮ್ಮ 34 ಮತ್ತು 37 ಹಾಗೇ ಇವೆ. ಆದರೆ ಹೊಸ ಫಸಲು ಬಂದ ಮೇಲಿನ ಮೇ ಬ್ಯಾಚು ಹಳೆ ಸರಕಿನ ನವೆಂಬರ್ ಬ್ಯಾಚಿಗಿಂತಲೂ ಕೆಳಗೆ ಹೋಗಿದೆ. ಇದನ್ನು ಫಸಲಿನ ವಯಸ್ಸಿನ ಮೇಲೆ ಹಾಕಲು ಬರುವುದಿಲ್ಲ. ಮೆಣಸಿನಕಾಯಿಯೇ ಬದಲಾಗಿರಬಹುದು. ತೇವಾಂಶ ಏರಿದ್ದಕ್ಕೆ ಹುರಿತ ಕಡಿಮೆಯಾದದ್ದು ಕಾರಣ ಇರಬಹುದು, ಇಲ್ಲವೇ ಹುರಿದದ್ದನ್ನು ಸೆಖೆಯ ಗಾಳಿಯಲ್ಲಿ ತೆರೆದು ಇಟ್ಟಿರಬಹುದು. ಈ ಎರಡು ಅನುಮಾನ ಬರೆದುಕೊಂಡು ಘಟಕಕ್ಕೆ ಹೋಗಿ. ಹುಡುಕಬೇಕಾದದ್ದು ಗೊತ್ತಿದ್ದು ಹೋದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ.

ಕಾಗದ ನೋಡುವುದು: ತಕ್ಕಡಿ ತಾಳೆ ಆಗಬೇಕು

ಲೈಸೆನ್ಸ್ ಬೇಗ ಮುಗಿಸಿ. ಎಫ್‌ಎಸ್‌ಎಸ್‌ಎಐ ನಂಬರ್ 14 ಅಂಕಿಯದು. ಅದನ್ನು FoSCoS ತಾಣದಲ್ಲಿ ಹಾಕಿ ನೋಡಿ. ಅವಧಿ ಇದೆಯೇ, ನಿಮ್ಮ ಥರದ ಸರಕು ಅದರಲ್ಲಿ ಸೇರಿದೆಯೇ, ವಿಳಾಸ ನೀವು ನಿಂತಿರುವ ಗಾಳೆಯದೇ, ಅಂದರೆ ಘಟಕದ ಮಳಿಗೆಯದೇ ಹೌದೇ. ಕೊನೆಯದನ್ನು ಬಿಡಬೇಡಿ. ತಯಾರಕರು ಆರು ತಿಂಗಳಿಗೊಮ್ಮೆ ಮಾಲಿನ ಪರೀಕ್ಷೆ ಮಾಡಿಸಬೇಕು ಎಂಬ ಷರತ್ತು ಇದೆ. ಕಳೆದ ಎರಡು ವರದಿ ಕೇಳಿ.

ಹೊತ್ತು ಕೊಡಬೇಕಾದದ್ದು ಬ್ಯಾಚಿನ ದಾಖಲೆಗೆ. ಯಾವ ದಿನ, ಯಾವ ಲಾಟಿನ ಯಾವ ಸಾಮಾನು, ಎಷ್ಟು ಕಿಲೋ, ಎಷ್ಟು ಹೊತ್ತು ಹುರಿದರು, ಎಷ್ಟು ಪ್ಯಾಕೆಟ್ ಆಯಿತು, ಎಷ್ಟು ಪುಡಿ ಉಳಿಯಿತು. ಸಣ್ಣ ಘಟಕದಲ್ಲಿ ಇದು ಒಂದು ನೋಟ್‌ಬುಕ್ ಆಗಿರಬಹುದು, ಅದರಲ್ಲಿ ತಪ್ಪೇನಿಲ್ಲ. ಕಲೆ ಬಿದ್ದ, ಹೊಡೆದು ತಿದ್ದಿದ ಪುಟವನ್ನು ನಾನು ಹೆಚ್ಚು ನಂಬುತ್ತೇನೆ. ಮೂರು ಬ್ಯಾಚಿನ ಪುಟಗಳೂ ಒಂದೇ ಪೆನ್ನು, ಒಂದೇ ಕೈ, ಒಂದೇ ಅಂಕಿ ಎಂದರೆ ಅವನ್ನು ನೀವು ಬರುವ ಹಿಂದಿನ ದಿನ ಕೂತು ಬರೆದಿರುವ ಸಾಧ್ಯತೆ ಜಾಸ್ತಿ.

ಮೊದಲು ಹೊರಗೆ ಬಂದದ್ದನ್ನು ತಾಳೆ ಮಾಡಿ. 300 ಕಿಲೋ ಬೆರೆಸಿದ್ದಾರೆ. 1,470 ಪ್ಯಾಕೆಟ್ ಆಗಿದೆ, ಸರಾಸರಿ ತೂಕ 202 ಗ್ರಾಂ. ಅಲ್ಲಿಗೆ ಸುಮಾರು 297 ಕಿಲೋ. ಗುಡಿಸಿದ್ದು, ಸ್ಯಾಂಪಲ್ ಸೇರಿ ಎರಡೂವರೆ ಕಿಲೋ. ಅರ್ಧ ಕಿಲೋ ಲೆಕ್ಕಕ್ಕೆ ಸಿಗಲಿಲ್ಲ. ಇದು ನಂಬುವ ಲೆಕ್ಕ. ಸರಿಯಾಗಿ 1,500 ಪ್ಯಾಕೆಟ್ ಎಂದು ಬರೆದಿದ್ದರೆ ಅದನ್ನು ಎಣಿಸಿ ಬರೆದಿಲ್ಲ, ಭಾಗಿಸಿ ಬರೆದಿದ್ದಾರೆ. 1,530 ಎಂದಿದ್ದರೆ ಹಳೆಯ ಬ್ಯಾಚಿನ ಉಳಿಕೆಯನ್ನು ಇದರಲ್ಲಿ ಸೇರಿಸಿರಬಹುದು. ಕೊಬ್ಬರಿ ಇರುವ ಪುಡಿಗೆ ಇದು ದೊಡ್ಡ ತೊಂದರೆ. ಹಳೆ ಕೊಬ್ಬರಿಯ ಕಮಟು ವಾಸನೆ ಹೊಸ ಪುಡಿಗೂ ಬರುತ್ತದೆ.

ಇನ್ನು ಒಳಗೆ ಹೋದದ್ದು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ತಿಳಿಸಿಕೊಡುವುದು ಇದೇ. ದುಬಾರಿ ಸಾಮಾನು ಒಂದನ್ನು ಆರಿಸಿ, ನಮ್ಮಲ್ಲಿ ಅದು ಬ್ಯಾಡಗಿ. 300 ಕಿಲೋ ಪುಡಿಗೆ ಹುರಿದ ಮೆಣಸಿನಕಾಯಿ 75 ಕಿಲೋ ಬೇಕು. ತೊಟ್ಟು ತೆಗೆದು ಹುರಿಯುವಾಗ ನೂರಕ್ಕೆ 13ರಷ್ಟು ತೂಕ ಹೋಗುತ್ತದೆ ಎಂದು ಹಿಡಿದರೆ ಹುರಿಯುವ ಮುಂಚಿನ ತೂಕದಲ್ಲಿ 86 ಕಿಲೋ ಬೇಕು. ಈಗ ಸ್ಟಾಕ್ ಪುಸ್ತಕ ಮತ್ತು ಎಪಿಎಂಸಿ ಖರೀದಿ ಬಿಲ್ಲು ಕೇಳಿ. ಮೇ ತಿಂಗಳ ಆರಂಭದಲ್ಲಿ ಬ್ಯಾಡಗಿ 40 ಕಿಲೋ ಇತ್ತು. 120 ಕಿಲೋ ಕೊಂಡರು. ತಿಂಗಳ ಕೊನೆಗೆ 50 ಕಿಲೋ ಉಳಿಯಿತು. ಅಲ್ಲಿಗೆ ಬಳಸಿದ್ದು 110 ಕಿಲೋ. ಅದೇ ತಿಂಗಳು ಬೇರೆ ಗಿರಾಕಿಯ ಮಾಲಿಗೆ 60 ಕಿಲೋ ಹೋಗಿದೆ ಎಂದು ಅವರ ಪುಸ್ತಕವೇ ಹೇಳುತ್ತದೆ. ನಮ್ಮ 86 ಸೇರಿಸಿದರೆ 146 ಕಿಲೋ ಬೇಕಿತ್ತು.

36 ಕಿಲೋ ಕಮ್ಮಿ. ಆ ಜಾಗಕ್ಕೆ ಏನು ಬಂತು?

ಬೇರೆ ಗಿರಾಕಿಯ ಹೆಸರನ್ನು ಅವರು ಕೈಯಿಂದ ಮುಚ್ಚಿಕೊಳ್ಳಲಿ, ಅದು ನಮಗೆ ಬೇಡ. ತೂಕ ಮಾತ್ರ ಸಾಕು. ಉತ್ತರ ನೇರವಾಗಿರಬಹುದು: ಬಿಲ್ಲು ಬರುವುದು ತಡವಾಗಿದೆ, ಪಕ್ಕದ ಗಾಳೆಯಿಂದ ಚಲನ್ ಮೇಲೆ ತಂದಿದ್ದರು. ಹಾಗಿದ್ದರೆ ಚಲನ್ ತೋರಿಸಲಿ. ಇಲ್ಲವಾದರೆ ಗುಂಟೂರು ಮೆಣಸಿನಕಾಯಿ ಹೋಗಿರುವ ಸಾಧ್ಯತೆ ಹೆಚ್ಚು. ಅದು ಅಗ್ಗ, ಖಾರ ಜಾಸ್ತಿ, ಬಣ್ಣ ಬಹಳ ಕಡಿಮೆ. ನಮ್ಮ ಬ್ಯಾಚಿನ ಮೆಣಸಿನಕಾಯಿಯಲ್ಲಿ ನೂರಕ್ಕೆ ನಲವತ್ತು ಪಾಲು ಅದೇ ಆದರೆ ಬಣ್ಣದ ಅಂಕಿ 37ರಿಂದ 26ರ ಆಸುಪಾಸಿಗೆ ಇಳಿಯುವುದು ಲೆಕ್ಕಕ್ಕೆ ಸರಿ ಹೊಂದುತ್ತದೆ. ಮೇ ತಿಂಗಳ ನಂತರ ಗಿರಾಕಿಗಳು "ಈ ಸಲ ಖಾರ, ಆದರೆ ಕೆಂಪಿಲ್ಲ" ಎಂದಿದ್ದರೆ ಲ್ಯಾಬು, ಪುಸ್ತಕ, ನಾಲಿಗೆ ಮೂರೂ ಒಂದೇ ಮಾತು ಹೇಳುತ್ತಿವೆ.

ಬಣ್ಣ ಕಡಿಮೆಯಾದ ಘಟಕಕ್ಕೆ ಮುಂದಿನ ಆಸೆ ಬಣ್ಣ ಬೆರೆಸುವುದು. ಅದಕ್ಕೇ ಒಂದು ಗ್ಲಾಸ್ ನೀರಿನ ಮೇಲೆ ಅವರ ಮೆಣಸಿನ ಪುಡಿ ಉದುರಿಸಿ ನೋಡಿ. ನೀರಿನಲ್ಲಿ ಕರಗುವ ಬಣ್ಣವಿದ್ದರೆ ಕೂಡಲೇ ಗೆರೆಗೆರೆಯಾಗಿ ಕೆಳಗಿಳಿಯುತ್ತದೆ. ಸುಡಾನ್‌ನಂಥ ಎಣ್ಣೆಯಲ್ಲಿ ಕರಗುವ ಬಣ್ಣ ಹೀಗೆ ಸಿಕ್ಕಿಬೀಳುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಅನುಮಾನ ಬಂದರೆ ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಘಟಕದ ಒಳಗೆ: ಹಿಂದಿನಿಂದ ಮುಂದಕ್ಕೆ ನಡೆಯಿರಿ

ಕೆಲಸ ನಡೆಯುವ ದಿನವೇ ಹೋಗಿ. ತೊಳೆದು ಒರೆಸಿದ ರಜಾದಿನದ ಘಟಕ ನೋಡಿ ಉಪಯೋಗವಿಲ್ಲ. ಸಾಧಾರಣವಾಗಿ ಅವರು ಕಚ್ಚಾ ಸಾಮಾನಿನ ಗೋಡೌನಿನಿಂದ ಶುರು ಮಾಡಿ ತೋರಿಸುತ್ತಾರೆ. ನೀವು ಪ್ಯಾಕಿಂಗ್ ಟೇಬಲಿನಿಂದ ಶುರು ಮಾಡಿ. ಕೈಗೆ ಸಿಕ್ಕ ಒಂದು ಪ್ಯಾಕೆಟ್ ಎತ್ತಿಕೊಂಡು "ಇದರ ಕೊತ್ತಂಬರಿ ಯಾವ ಚೀಲದ್ದು?" ಎಂದು ಕೇಳುತ್ತಾ ಹಿಂದಕ್ಕೆ ಹೋಗಿ. ಬ್ಯಾಚ್ ನಂಬರಿನಿಂದ ಮಿಶ್ರಣದ ಪುಟ, ಅಲ್ಲಿಂದ ಹುರಿದ ಲಾಟ್, ಅಲ್ಲಿಂದ ಖರೀದಿ ಬಿಲ್ಲು. ಎಲ್ಲಿ ದಾರಿ ತುಂಡಾಗುತ್ತದೋ ಅಲ್ಲಿ ಗುರುತು ಮಾಡಿಕೊಳ್ಳಿ. ನಾಳೆ ಒಂದು ದೂರು ಬಂದರೆ ನಿಮ್ಮ ಹುಡುಕಾಟವೂ ಅಲ್ಲೇ ನಿಲ್ಲುತ್ತದೆ.

ಹುರಿಯುವ ಕಡೆ ಒಂದೇ ಪ್ರಶ್ನೆ: ಆಯಿತು ಎಂದು ಹೇಗೆ ತಿಳಿಯುತ್ತೀರಿ? "ವಾಸನೆ ಬಂದಾಗ" ಎಂದರೆ ಆ ಕೆಲಸಗಾರ ಒಳ್ಳೆಯವನಿರಬಹುದು, ಆದರೆ ನಿಮ್ಮ ಮಾಲು ಅವನೊಬ್ಬನ ಮೇಲೆ ನಿಂತಿದೆ. ಅವನು ರಜೆಯ ಮೇಲೆ ಊರಿಗೆ ಹೋದಾಗ ಏನಾಗುತ್ತದೆ ಎಂದು ಕೇಳಿ. ಮೇ ಬ್ಯಾಚಿನ ತೇವಾಂಶಕ್ಕೆ ಉತ್ತರ ಇಲ್ಲೇ ಸಿಗಬಹುದು. ಹುರಿದ ಮೇಲಿನ ತೂಕ ಬರೆದಿಡುವ ರೂಢಿ ಇದ್ದರೆ ಒಳ್ಳೆಯದು. ಹುರಿತ ಕಡಿಮೆಯಾದ ದಿನ ತೂಕ ಕಡಿಮೆ ಹೋಗಿರುತ್ತದೆ, ಪುಸ್ತಕವೇ ಹೇಳಿಬಿಡುತ್ತದೆ.

ಬೀಸುವ ಕಡೆ ಬಿಸಿ ನೋಡಿ. ಪಲ್ವರೈಸರ್ ಓಡುತ್ತಾ ಓಡುತ್ತಾ ಕಾಯುತ್ತದೆ. ಮಾಮೂಲಿ ಯಂತ್ರದಲ್ಲಿ ಮಸಾಲೆ 90 ಡಿಗ್ರಿಯ ಹತ್ತಿರವೂ ಹೋಗಬಹುದು. ಚಕ್ಕೆ, ಲವಂಗ, ಕೊತ್ತಂಬರಿಯ ಪರಿಮಳದ ಎಣ್ಣೆ ಆಗ ಗಾಳಿಗೆ ಹೋಗುತ್ತದೆ. ಸಣ್ಣ ಬ್ಯಾಚಿನಲ್ಲಿ ಯಂತ್ರ ಪೂರ್ತಿ ಕಾಯುವ ಮುಂಚೆಯೇ ಕೆಲಸ ಮುಗಿದಿರುತ್ತದೆ. ದೊಡ್ಡ ಆರ್ಡರಿನಲ್ಲಿ ಅದು ಗಂಟೆಗಟ್ಟಲೆ ಓಡುತ್ತದೆ. ಅದಕ್ಕೇ ಯಂತ್ರ ಎರಡು ಗಂಟೆ ಓಡಿದ ಮೇಲೆ ಹೊರಬರುವ ಪುಡಿಯ ಬಿಸಿ ಅಳೆಯಿರಿ. ಮುಟ್ಟದೆ ದೂರದಿಂದ ತೋರಿಸಿ ಅಳೆಯುವ ಥರ್ಮಾಮೀಟರ್ ಜೇಬಿನಲ್ಲಿರಲಿ. ಪುಡಿ ಆರುವ ಮುಂಚೆಯೇ ಪೌಚಿಗೆ ತುಂಬುತ್ತಿದ್ದರೆ ಒಳಗೆ ಹಬೆ ಕೂತು ಗಂಟು ಕಟ್ಟುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಇದು ಇನ್ನೂ ಬೇಗ.

ಅದೇ ಪಲ್ವರೈಸರಿನಲ್ಲಿ ನಿಮಗಿಂತ ಮುಂಚೆ ಏನು ಬೀಸಿದ್ದರು ಎಂಬುದನ್ನೂ ಕೇಳಿ. ನಿಮ್ಮ ಲೇಬಲ್ ಮೇಲೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂದು ಬರೆದಿದ್ದರೆ, ಹಿಂದಿನ ಮಾಲು ಬೆಳ್ಳುಳ್ಳಿ ಮಸಾಲೆ ಆಗಿದ್ದರೆ, ಬರೀ ಬ್ರಷ್ ಆಡಿಸಿದ್ದು ಸಾಲದು. ಶೇಂಗಾ ಚಟ್ನಿಪುಡಿ ಆಗಿದ್ದರೆ ಅಲರ್ಜಿ ಇರುವವರ ಆರೋಗ್ಯದ ಪ್ರಶ್ನೆಯೂ ಬರುತ್ತದೆ.

ಮಿಶ್ರಣದ ಪರೀಕ್ಷೆ: ಉಪ್ಪೇ ಗುರುತು

ಒಂದೇ ಬ್ಯಾಚಿನ ಒಳಗೆ ಮೊದಲ ಪ್ಯಾಕೆಟ್ಟೂ ಕೊನೆಯ ಪ್ಯಾಕೆಟ್ಟೂ ಒಂದೇ ಇವೆಯೇ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಘಟಕದ ಬ್ಲೆಂಡರಿಗೆ ಒಂದು ಸಲಕ್ಕೆ 100 ಕಿಲೋ ಹಿಡಿಸುತ್ತದೆ ಎಂದುಕೊಳ್ಳಿ. ಆಗ 300 ಕಿಲೋ ಬ್ಯಾಚ್ ಎಂದರೆ ಮೂರು ಸಲ ಬೆರೆಸಿದ್ದು, ಮೇಲೆ ಒಂದೇ ನಂಬರ್ ಹೊಡೆದಿದ್ದಾರೆ ಅಷ್ಟೇ. 2,000 ಕಿಲೋ ಎಂದರೆ ಇಪ್ಪತ್ತು ಸಲ.

ಬ್ಲೆಂಡರ್ ಓಡಿಸುವವರ ಹತ್ತಿರ ನೇರ ಮಾತಾಡಿ. ನವಿ ಮುಂಬಯಿಯ ಘಟಕಗಳಲ್ಲಿ ಕಲಬುರಗಿ, ಬೀದರ ಕಡೆಯವರು ಸಿಕ್ಕಾರು. ಸಿಕ್ಕರೆ ನಿಮ್ಮ ಅದೃಷ್ಟ. "ಅಣ್ಣಾ, ಉಪ್ಪು ಯಾವಾಗ ಹಾಕ್ತೀರಿ? ಎಷ್ಟೊತ್ತು ತಿರುಗಿಸ್ತೀರಿ?" ಎಂದು ಕೇಳಿ. "ಹತ್ತು ನಿಮಿಷ ತಿರುಗಸ್ತೀವ್ರಿ. ಲೋಡ್ ಭಾಳ ಇತ್ತಂದ್ರ ಐದು ನಿಮಿಷಕ್ಕ ತಗಿತೀವಿ" ಎಂದರೆ, ಆಫೀಸಿನ ಫೈಲಿನಲ್ಲಿ ಹದಿನೈದು ನಿಮಿಷ ಎಂದು ಬರೆದಿದ್ದರೂ ನಿಜ ಇದೇ. ಅವರ ಹೆಸರು ಹೇಳಿ ಸೇಠ್ ಮುಂದೆ ದೂರಬೇಡಿ. ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ಈಗ ಪರೀಕ್ಷೆ. ಉಪ್ಪಿನ ಹರಳು ಭಾರ, ಪುಡಿಯಷ್ಟು ನುಣ್ಣಗೂ ಇರುವುದಿಲ್ಲ. ಮಿಶ್ರಣ ಸರಿಯಾಗದಿದ್ದರೆ, ಅಥವಾ ತುಂಬುವ ಯಂತ್ರ ಅದುರುವಾಗ ಬೇರ್ಪಟ್ಟರೆ, ಮೊದಲು ತಪ್ಪಿಹೋಗುವುದು ಅದರ ಹಂಚಿಕೆಯೇ. ಅಳೆಯುವುದೂ ಸುಲಭ. ಪಶು ಆಹಾರದ ಮಿಲ್ಲುಗಳು ಮಿಕ್ಸರ್ ಪರೀಕ್ಷೆಗೆ ಬಹಳ ಕಾಲದಿಂದ ಇದನ್ನೇ ಬಳಸುತ್ತವೆ.

ಪ್ಯಾಕಿಂಗ್ ನಡೆಯುವಾಗ ಶುರುವಿನಿಂದ ಕೊನೆಯ ತನಕ ಸಮ ಅಂತರದಲ್ಲಿ ಆರು ಪ್ಯಾಕೆಟ್ ತೆಗೆಯಿರಿ. ತುಂಬುವ ಯಂತ್ರದ ಮೇಲೆ ಪುಡಿ ಸುರಿಯುವ ಹಾಪರ್ ಖಾಲಿಯಾಗುವ ಹೊತ್ತಿನದು ಒಂದು ಇರಲೇಬೇಕು. ಪ್ರತಿಯೊಂದನ್ನೂ ಪೂರ್ತಿ ಬಗ್ಗಿಸಿ ಕಲಸಿ, 10 ಗ್ರಾಂ ತೂಗಿ, 200 ಮಿಲಿ ಡಿಸ್ಟಿಲ್ಡ್ ನೀರಿಗೆ ಹಾಕಿ. ಐದು ನಿಮಿಷ ಕದಡಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ. ಮೀಟರ್ ಉಪ್ಪನ್ನು ಮಾತ್ರ ಅಳೆಯುವುದಿಲ್ಲ, ಕೊತ್ತಂಬರಿ, ಬೇಳೆಯಲ್ಲಿರುವ ಲವಣಗಳೂ ಸೇರುತ್ತವೆ. ಅದಕ್ಕೆ ಮನೆಯಲ್ಲೇ ಉಪ್ಪಿಲ್ಲದ ಪುಡಿ ಸ್ವಲ್ಪ, ಅದಕ್ಕೇ ತೂಗಿ ನೂರಕ್ಕೆ ನಾಲ್ಕು ಪಾಲು ಉಪ್ಪು ಬೆರೆಸಿದ್ದು ಸ್ವಲ್ಪ ಮಾಡಿಕೊಂಡು ಎರಡರ ಅಂಕಿ ಬರೆದಿಟ್ಟುಕೊಳ್ಳಿ. ಆ ಎರಡರ ನಡುವಿನ ಅಂತರವೇ ನಾಲ್ಕು ಪಾಲು ಉಪ್ಪಿನ ಅಳತೆ. ಎಲ್ಲ ನೀರೂ ಒಂದೇ ಬಿಸಿಯಲ್ಲಿರಲಿ.

ಆರು ಪ್ಯಾಕೆಟ್ಟಿನ ಉಪ್ಪು 3.9, 4.1, 4.0, 4.2, 3.8, 4.0 ಎಂದು ಬಂದರೆ ನಿಶ್ಚಿಂತೆಯಾಗಿರಿ. 2.9, 3.4, 4.1, 4.0, 4.6, 5.0 ಎಂದು ಬಂದರೆ ಸರಾಸರಿ ಇಲ್ಲೂ 4.0 ಆಗುತ್ತದೆ. ಎಲ್ಲ ಕಲಸಿ ಒಂದೇ ಸ್ಯಾಂಪಲ್ ಮಾಡಿ ಲ್ಯಾಬಿಗೆ ಕೊಟ್ಟಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ ಅಲ್ವಾ? ಅಂಕಿಗಳು ಸರಾಸರಿಯ ಸುತ್ತ ನೂರಕ್ಕೆ ಎಷ್ಟು ಹರಡಿವೆ ಎಂದು ನೋಡಲು ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿ:

```
=STDEV(A1:A6)/AVERAGE(A1:A6)*100
```

ಮೊದಲನೆಯದಕ್ಕೆ 4ರ ಹತ್ತಿರ ಬರುತ್ತದೆ, ಎರಡನೆಯದಕ್ಕೆ 19. ಪಶು ಆಹಾರದವರು 10ಕ್ಕಿಂತ ಕಡಿಮೆ ಇದ್ದರೆ ಮಿಶ್ರಣ ಸರಿ ಎನ್ನುತ್ತಾರೆ. ಜನ ತಿನ್ನುವ ಪುಡಿಗೆ ನಾನು ಅದಕ್ಕಿಂತ ಸಡಿಲ ಬಿಡುವುದಿಲ್ಲ. ಎರಡನೆಯ ಸಾಲಿನ ಕೊನೆಯ ಪ್ಯಾಕೆಟ್ ನೋಡಿ: ಮಿಶ್ರ ಮಸಾಲೆ ಪುಡಿಗೆ ಉಪ್ಪಿನ ಮಿತಿಯೇ ನೂರಕ್ಕೆ 5. ಅದಕ್ಕೆ ಮುಟ್ಟಿ ನಿಂತಿದೆ.

ಅಂಕಿಗಳು ಒಂದೇ ದಿಕ್ಕಿನಲ್ಲಿ ಏರುತ್ತಾ ಹೋಗಿದ್ದರೆ ತೊಂದರೆ ಹಾಪರಿನಲ್ಲಿರಬಹುದು: ಬೆರೆತ ಪುಡಿ ಅದುರಿ ಬೇರ್ಪಡುತ್ತಿದೆ. ಅಡ್ಡಾದಿಡ್ಡಿ ಬಂದರೆ ಬ್ಲೆಂಡರ್ ಸಮಯ ಸಾಲದು. ಮೊದಲನೆಯದಕ್ಕೆ ಉಪ್ಪನ್ನು ಪುಡಿಯಷ್ಟೇ ನುಣ್ಣಗೆ ಬೀಸಿ ಹಾಕುವುದು, ಹಾಪರನ್ನು ಪೂರ್ತಿ ಖಾಲಿಯಾಗಲು ಬಿಡದಿರುವುದು ಪರಿಹಾರ. ಎರಡನೆಯದಕ್ಕೆ ಇನ್ನಷ್ಟು ಹೊತ್ತು ತಿರುಗಿಸಬೇಕು, ಅಷ್ಟೇ.

ಗಂಟೆ ಲೆಕ್ಕ

ಸೇಠ್ "2,000 ಕಿಲೋ ಮೂರು ದಿನದಲ್ಲಿ ರೆಡಿ" ಎನ್ನುತ್ತಾರೆ. ಅಲ್ಲೇ ನಿಂತು ಲೆಕ್ಕ ಹಾಕಿ. ಉಪ್ಪು ಬಿಟ್ಟು ಬೀಸಬೇಕಾದದ್ದು 1,920 ಕಿಲೋ. ನೀವು ಕಣ್ಣಾರೆ ಕಂಡಂತೆ ಪಲ್ವರೈಸರ್ ಗಂಟೆಗೆ 60 ಕಿಲೋ ಬೀಸುತ್ತದೆ. ಅಲ್ಲಿಗೆ 32 ಗಂಟೆ. ಬ್ಲೆಂಡರ್ ಇಪ್ಪತ್ತು ಸಲ, ತುಂಬಿ ಬೆರೆಸಿ ತೆಗೆಯಲು ಒಂದೊಂದಕ್ಕೆ ಮುಕ್ಕಾಲು ಗಂಟೆ, 15 ಗಂಟೆ. ಪ್ಯಾಕಿಂಗ್ ನಿಮಿಷಕ್ಕೆ 25 ಎಂದರೆ ಏಳು ಗಂಟೆಯೊಳಗೆ ಮುಗಿಯುತ್ತದೆ. ಎಂಟು ಗಂಟೆಯ ಪಾಳಿಯಲ್ಲಿ ಮೂರು ದಿನ ಎಂದರೆ 24 ಗಂಟೆ. ಪಲ್ವರೈಸರ್ ಒಂದಕ್ಕೇ ಅದು ಸಾಲುವುದಿಲ್ಲ. ಅದೇ ಯಂತ್ರದ ಮೇಲೆ ಬೇರೆಯವರ ಕೆಲಸವೂ ಇದೆ.

ಹಾಗಾದರೆ ಮೂರೇ ದಾರಿ. ರಾತ್ರಿ ಪಾಳಿ, ಇನ್ನೊಂದು ಯಂತ್ರ, ಇಲ್ಲವೇ ಹೊರಗಿನ ಗಿರಣಿ ಅಥವಾ ಮಸಾಲೆ ಕುಟ್ಟುವ ಕಾಂಡಪ್. ಯಾವುದು ಎಂದು ಕೇಳಿ. ರಾತ್ರಿ ಪಾಳಿಯಾದರೆ ಹುರಿಯುವವರು ಯಾರು ಎಂದು ಕೇಳಿ. ಬೇರೆ ಯಂತ್ರವಾದರೆ ಅದರಲ್ಲಿ 50 ಕಿಲೋ ಮಾಡಿಸಿ, ಹಳೆಯ ಪುಡಿಯ ಜೊತೆ ಒಂದೇ ಜರಡಿಯಲ್ಲಿ ಹಾಕಿ ಮೇಲುಳಿದದ್ದನ್ನು ತೂಗಿ ನೋಡಿ. ಹೊರಗೆ ಕೊಡುವುದಾದರೆ ಆ ಜಾಗಕ್ಕೂ ಲೈಸೆನ್ಸ್ ಬೇಕು, ಅಲ್ಲಿಗೂ ನೀವು ಹೋಗಬೇಕು. ಹಬ್ಬದ ಮುಂಚಿನ ವಾರಗಳಲ್ಲಿ ಎಲ್ಲ ಘಟಕಗಳ ಮೇಲೂ ಹೊರೆ ಇರುತ್ತದೆ. ಆ ಹೊತ್ತಿಗೆ ಆರ್ಡರ್ ಕೊಟ್ಟರೆ ಹೊರಗೆ ಹೋಗುವ ಸಾಧ್ಯತೆ ಜಾಸ್ತಿ. ಒಂದೂವರೆ ತಿಂಗಳು ಮೊದಲೇ ಕೊಡಿ.

ಆರ್ಡರನ್ನು ಹೇಗೆ ಕೊಡುವುದು

ನಮ್ಮ ಉದಾಹರಣೆಯ ಘಟಕವನ್ನು ಬಿಟ್ಟುಬಿಡಬೇಕೇ? 36 ಕಿಲೋಗೆ ಕಾರಣವನ್ನು ಒಪ್ಪಿಕೊಂಡು ಕಾಗದ ತೋರಿಸಿದರೆ ನಾನು ಮುಂದುವರಿಯುತ್ತೇನೆ. ಬ್ಯಾಡಗಿ ಸಿಗಲಿಲ್ಲ, ಹೇಳದೆ ಬೇರೆ ಹಾಕಿದೆವು ಎಂದು ಒಪ್ಪಿಕೊಂಡವರ ಜೊತೆ ಕೆಲಸ ಮಾಡಬಹುದು. ಪುಸ್ತಕವನ್ನೇ ತೋರಿಸದವರ ಜೊತೆ, ಅಥವಾ ನೀವು ಕೇಳಿದ ಮೇಲೆ ಹೊಸ ಪುಟ ತಂದವರ ಜೊತೆ ಆಗದು. ದರ ಎಷ್ಟೇ ಕಡಿಮೆ ಇರಲಿ.

ಮುಂದುವರಿದರೂ 2,000 ಕಿಲೋ ಒಂದೇ ಸಲ ಬೇಡ. 500 ಕಿಲೋದ ನಾಲ್ಕು ಲಾಟ್ ಮಾಡಿ. ಮೊದಲ ಲಾಟನ್ನು ನೀವು ಒಪ್ಪಿದ ಮೇಲೆಯೇ ಎರಡನೆಯದು ಶುರುವಾಗಲಿ, ಹಣವೂ ಹಾಗೇ ಲಾಟ್ ಲಾಟಾಗಿ ಹೋಗಲಿ. ಇದಕ್ಕೆ ಸೇಠ್ ಸ್ವಲ್ಪ ಗೊಣಗುತ್ತಾರೆ. ಕಿಲೋಗೆ ಒಂದೆರಡು ರೂಪಾಯಿ ಜಾಸ್ತಿ ಕೇಳಿದರೆ ಕೊಟ್ಟುಬಿಡಿ.

ಒಪ್ಪಂದದಲ್ಲಿ ಉದ್ದುದ್ದ ಷರತ್ತು ಬೇಡ. ಮೆಣಸಿನಕಾಯಿಯ ಜಾತಿ, ಯಂತ್ರ, ಜಾಗ ಈ ಮೂರರಲ್ಲಿ ಯಾವುದು ಬದಲಾದರೂ ಮೊದಲು ಬರಹದಲ್ಲಿ ತಿಳಿಸಬೇಕು ಎಂದು ಬರೆಯಿಸಿ. ವಾಟ್ಸಾಪ್ ಮೆಸೇಜ್ ಸಾಕು. ಆಮೇಲೆ ನಿಮ್ಮದೇ ಅಂಕಿಗಳು: ತೇವಾಂಶ 7.5ಕ್ಕಿಂತ ಮೇಲೆ ಬೇಡ, ಬಣ್ಣ 31ಕ್ಕಿಂತ ಕೆಳಗೆ ಬೇಡ, ಉಪ್ಪು 3.6ರಿಂದ 4.4. ಇವನ್ನು ಚೆನ್ನಾಗಿದ್ದ ನವೆಂಬರ್, ಫೆಬ್ರವರಿ ಬ್ಯಾಚುಗಳ ಅಳತೆಯಿಂದ ತೆಗೆದದ್ದು. ಸರಕಾರದ ಮಿತಿಯನ್ನಷ್ಟೇ ಬರೆದರೆ ಮೇ ಬ್ಯಾಚು ಮತ್ತೆ ಪಾಸ್ ಆಗುತ್ತದೆ. ಎರಡೇ ಬ್ಯಾಚಿನಿಂದ ಬಂದ ಅಂಕಿ ಆದ್ದರಿಂದ, ನಾಲ್ಕು ಲಾಟ್ ಮುಗಿದ ಮೇಲೆ ಮತ್ತೊಮ್ಮೆ ಕೂತು ತಿದ್ದಿಕೊಳ್ಳಿ.

ಮಾಲು ಹೊರಡುವ ಮುಂಚೆ ಎಣಿಕೆ. 500 ಕಿಲೋ ಲಾಟ್ ಎಂದರೆ 2,500 ಪ್ಯಾಕೆಟ್. ಲಾಟಿನಿಂದ ಎಷ್ಟು ತೆಗೆದು ನೋಡಬೇಕು ಎಂದು ಹೇಳುವ ಭಾರತೀಯ ಮಾನಕ ಐಎಸ್ 2500ರ ಕೋಷ್ಟಕದ ಸಾಮಾನ್ಯ ಮಟ್ಟದ ಪ್ರಕಾರ ಈ ಗಾತ್ರದ ಲಾಟಿನಿಂದ 125 ಪ್ಯಾಕೆಟ್ ತೆಗೆದು ನೋಡಬೇಕು. ಅದೇ ಕೋಷ್ಟಕದಲ್ಲಿ ದೋಷದ ಮಿತಿ ನೂರಕ್ಕೆ 2.5 ಎಂದು ಒಪ್ಪಿಕೊಂಡಿದ್ದರೆ ಏಳರ ತನಕ ದೋಷ ಸಿಕ್ಕರೆ ಲಾಟ್ ತೆಗೆದುಕೊಳ್ಳಬಹುದು, ಎಂಟು ಸಿಕ್ಕರೆ ವಾಪಸ್. ಇದು ಸೀಲ್ ಬಿಟ್ಟದ್ದು, ಮುದ್ರಣ ಅಳಿಸಿದ್ದು, ತೂಕ ಕಮ್ಮಿ ಬಿದ್ದದ್ದರಂಥ ಕಣ್ಣಿಗೆ, ತಕ್ಕಡಿಗೆ ಸಿಗುವ ದೋಷಕ್ಕೆ ಮಾತ್ರ. ಹುಳ, ಕಲ್ಲು, ಲೋಹದ ಚೂರು ಒಂದೇ ಸಿಕ್ಕರೂ ಇಡೀ ಲಾಟ್ ನಿಲ್ಲಿಸಿ. 125 ಪ್ಯಾಕೆಟ್‌ಗಳನ್ನು ಬೇರೆ ಬೇರೆ ಪೆಟ್ಟಿಗೆಯಿಂದ, ತಳದಲ್ಲಿರುವುದನ್ನೂ ಸೇರಿಸಿ, ನೀವೇ ಆರಿಸಿ. ಗೇಟಿನ ಹತ್ತಿರ ಜೋಡಿಸಿಟ್ಟ ಪೆಟ್ಟಿಗೆಗಳನ್ನು ಕೊನೆಗೆ ಮುಟ್ಟಿ.

ಪ್ರತಿ ಲಾಟಿನಿಂದ ಆರು ಪ್ಯಾಕೆಟ್ ಎತ್ತಿಡಿ. ಮೂರು ಅವರ ಬಳಿ, ಮೂರು ನಿಮ್ಮ ಬಳಿ. ಪೆಟ್ಟಿಗೆಯ ಅಂಟುಪಟ್ಟಿಯ ಮೇಲೆ ಇಬ್ಬರ ಸಹಿ ಮತ್ತು ತಾರೀಖು ಇರಲಿ. ಅವಧಿ ಮುಗಿದು ಮೂರು ತಿಂಗಳಾಗುವ ತನಕ ಅದನ್ನು ಒಡೆಯಬೇಡಿ. ಒಡೆಯುವ ಪ್ರಸಂಗ ಬಂದರೆ ಇಬ್ಬರೂ ಎದುರಿದ್ದಾಗಲೇ ಒಡೆಯಿರಿ.